ಫೋಟೋದ ಅಂಕಪಟ್ಟಿ ಸಿಎಸ್‌ವಿ ಆಗುವಾಗ ವಿಷಯದ ಹೆಸರು ಕಳೆದುಹೋಗದಂತೆ

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕ. ಹತ್ತನೇ ತರಗತಿಯ 48 ಮಕ್ಕಳ ಕ್ರೋಡೀಕೃತ ಅಂಕಪಟ್ಟಿಯ ಫೋಟೋ ವಾಟ್ಸಾಪ್‌ನಲ್ಲಿ ಬಂದಿದೆ. ಪ್ರಿಂಟ್ ಆದ ಪಟ್ಟಿ. ವಿಷಯದ ಹೆಸರು ಮೂರು ಕಾಲಂ ಅಗಲಕ್ಕೆ ಮರ್ಜ್ ಆಗಿದೆ, ಅದರ ಕೆಳಗೆ ಲಿಖಿತ, ಆಂತರಿಕ, ಒಟ್ಟು, ಇನ್ನೂ ಕೆಳಗೆ ಗರಿಷ್ಠ ಅಂಕ. ಎಕ್ಸೆಲ್‌ಗೆ ತಂದು ಸಿಎಸ್‌ವಿ ಮಾಡಿದರೆ ವಿಷಯದ ಹೆಸರು ಒಂದು ಕಾಲಂ ಮೇಲೆ ಮಾತ್ರ ಉಳಿಯುತ್ತದೆ, ಮಿಕ್ಕಿದ್ದೆಲ್ಲ ಬರೀ ‘ಆಂತರಿಕ’, ‘ಒಟ್ಟು’. ಯಾವುದು ಯಾವ ವಿಷಯದ್ದು ಗೊತ್ತಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ಸಿಎಸ್‌ವಿ ಕಡತದಲ್ಲಿ ಮರ್ಜ್ ಎಂಬುದೇ ಇಲ್ಲ. ಅದು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಪಠ್ಯ. ಎಕ್ಸೆಲ್‌ನಲ್ಲಿ ಮೂರು ಚೌಕ ಸೇರಿಸಿ ‘ಪ್ರಥಮ ಭಾಷೆ’ ಎಂದು ಬರೆದಿದ್ದರೂ ಆ ಪದ ನಿಜವಾಗಿ ಕೂತಿರುವುದು ಎಡತುದಿಯ ಚೌಕದಲ್ಲಿ ಮಾತ್ರ, ಉಳಿದೆರಡು ಖಾಲಿ. ಕಾಗದದ ಮೇಲೆ ಗೆರೆ ನೋಡಿ ಕಣ್ಣು ಆ ಖಾಲಿಯನ್ನು ತುಂಬಿಕೊಳ್ಳುತ್ತದೆ. ಸಿಎಸ್‌ವಿಯಲ್ಲಿ ಗೆರೆಗಳೂ ಇಲ್ಲ. ಹಾಗಾಗಿ ಮಾಡಬೇಕಾದ್ದು ಇಷ್ಟು: ಎರಡು ಸಾಲಿನ ತಲೆಬರಹವನ್ನು ಒಂದೇ ಸಾಲಿಗೆ ಇಳಿಸಬೇಕು, ಮತ್ತು ಪ್ರತಿ ಕಾಲಂನ ಹೆಸರು ಅಕ್ಕಪಕ್ಕದ ಕಾಲಂ ನೋಡದೆಯೇ ತಾನು ಯಾರೆಂದು ಹೇಳುವಂತಿರಬೇಕು. ‘ಲಿಖಿತ’ ಹೋಗಿ ‘ಪ್ರಥಮ ಭಾಷೆ_ಲಿಖಿತ’ ಬರಬೇಕು.

ಈ ಕೆಲಸದಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಖಾಲಿ ಚೌಕಗಳಿಗೆ ಎಡಗಡೆಯ ಹೆಸರನ್ನೇ ಎಳೆದು ತುಂಬಿದರಾಯಿತು ಎಂದು ಅನ್ನಿಸುತ್ತದೆ. ಎಕ್ಸೆಲ್‌ನಲ್ಲೇ ಹುಟ್ಟಿದ ಕಡತಕ್ಕೆ ಅದು ನಡೆಯುತ್ತದೆ. ಫೋಟೋದಿಂದ ಬಂದದ್ದಕ್ಕೆ ನಡೆಯುವುದಿಲ್ಲ. ಫೋಟೋದಲ್ಲಿ ‘ಪ್ರಥಮ ಭಾಷೆ’ ಎಂಬ ಪದ ಮೂರು ಕಾಲಂಗಳ ನಟ್ಟನಡುವೆ ಅಚ್ಚಾಗಿರುತ್ತದೆ. ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ, ಅಂದರೆ ಓಸಿಆರ್, ಪದ ಯಾವ ಕಾಲಂನ ನೇರಕ್ಕಿದೆ ಎಂದು ನೋಡಿ ಅಲ್ಲೇ ಕೂರಿಸುತ್ತದೆ. ಅಂದರೆ ಪದ ಹೋಗಿ ಕೂರುವುದು ನಡುವಿನ ‘ಆಂತರಿಕ’ದ ಮೇಲೆ. ಅಲ್ಲಿಂದ ಬಲಕ್ಕೆ ಎಳೆದರೆ ಆಂತರಿಕ, ಒಟ್ಟು, ಆಮೇಲೆ ದ್ವಿತೀಯ ಭಾಷೆಯ ಲಿಖಿತ, ಈ ಮೂರೂ ‘ಪ್ರಥಮ ಭಾಷೆ’ ಆಗುತ್ತವೆ. ಆಗ ‘ಪ್ರಥಮ ಭಾಷೆ_ಲಿಖಿತ’ ಎಂಬ ಕಾಲಂ ಇದ್ದೇ ಇರುತ್ತದೆ, ಅದರೊಳಗೆ ಮಾತ್ರ ಇಂಗ್ಲಿಷಿನ ಅಂಕಗಳಿರುತ್ತವೆ. ಹೆಸರೂ ಸರಿ, ಸಂಖ್ಯೆಗಳೂ ಅಂಕಗಳ ಹಾಗೇ ಕಾಣುತ್ತವೆ, ಯಾರಿಗೂ ಅನುಮಾನ ಬರುವುದಿಲ್ಲ. ಗುರುತು ಹಿಡಿಯಲು ಎರಡು ಸುಳಿವಿವೆ: ಮೊಟ್ಟಮೊದಲ ಲಿಖಿತ ಕಾಲಂಗೆ ವಿಷಯದ ಹೆಸರೇ ಇರುವುದಿಲ್ಲ, ಮತ್ತು 100ಕ್ಕಿರಬೇಕಾದ ಪ್ರಥಮ ಭಾಷೆಯ ಲಿಖಿತದಲ್ಲಿ ಒಬ್ಬರದ್ದೂ 80 ದಾಟಿರುವುದಿಲ್ಲ.

ಆದ್ದರಿಂದ ನನ್ನ ಸಲಹೆ ಸ್ಪಷ್ಟ. ತಲೆಬರಹವನ್ನು ಓಸಿಆರ್‌ಗೆ ಬಿಡಬೇಡಿ, ಫೋಟೋ ನೋಡಿಕೊಂಡು ಕೈಯಲ್ಲೇ ಟೈಪ್ ಮಾಡಿ. ಇರುವುದು 23 ಕಾಲಂ, ಹತ್ತು ನಿಮಿಷದ ಕೆಲಸ. ಓಸಿಆರ್‌ಗೆ ಕೊಡಬೇಕಾದ್ದು ಅಂಕಿಗಳ ಭಾಗ ಮಾತ್ರ.

ಮೊದಲು ಫೋಟೋ ನೋಡೋಣ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಚಿತ್ರದ ವಿವರ ತೆರೆದು ಅಗಲ ಎಷ್ಟು ಪಿಕ್ಸೆಲ್ ಇದೆ ನೋಡಿ. 1600ರ ಆಸುಪಾಸು ಇದ್ದರೆ, ಹೆಸರಿನ ಕಾಲಂಗೆ ಹೋಗುವಷ್ಟು ಹೋಗಿ, ಒಂದೊಂದು ಅಂಕದ ಕಾಲಂಗೆ 60 ಪಿಕ್ಸೆಲ್ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಅಂಕಿಯ ಎತ್ತರ ಹತ್ತು ಹನ್ನೆರಡು ಪಿಕ್ಸೆಲ್‌ಗೆ ಇಳಿದಿರುತ್ತದೆ, 3 ಮತ್ತು 8ರ ವ್ಯತ್ಯಾಸ ಅಳಿಸಿಹೋಗಿರುತ್ತದೆ. ಅಂಕಿಯ ಎತ್ತರ ಮೂವತ್ತು ಪಿಕ್ಸೆಲ್ ಸುತ್ತಮುತ್ತ ಇದ್ದರೆ ಓಸಿಆರ್ ಚೆನ್ನಾಗಿ ಓದುತ್ತದೆ. ಸಣ್ಣ ಚಿತ್ರವನ್ನು ನೀವೇ ಹಿಗ್ಗಿಸಿದರೆ ಕಳೆದುಹೋದ ಗೆರೆ ವಾಪಸ್ ಬರುವುದಿಲ್ಲ. ಕಳಿಸಿದವರನ್ನು ಕೇಳಿ, ಅದೇ ಫೋಟೋವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ.

ಮತ್ತೆ ತೆಗೆಯುವ ಅವಕಾಶವಿದ್ದರೆ ಕಾಗದವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನನ್ನು ಕಾಗದಕ್ಕೆ ಸಮಾನಾಂತರವಾಗಿ ಹಿಡಿದು ತೆಗೆಯಬೇಕು. ಫೋನಿನ ಸ್ಕ್ಯಾನ್ ಸೌಲಭ್ಯ ಬಳಸಿದರೆ ಓರೆಯಾಗಿದ್ದದ್ದನ್ನು ಅದೇ ನೇರ ಮಾಡುತ್ತದೆ. ಓರೆ ಯಾಕೆ ಮುಖ್ಯ ಎಂದರೆ, 48 ಸಾಲಿನ ಪಟ್ಟಿಯಲ್ಲಿ ಎಡತುದಿಯಿಂದ ಬಲತುದಿಗೆ ಹೋಗುವಷ್ಟರಲ್ಲಿ ಸಾಲು ಅರ್ಧ ಗೆರೆ ಇಳಿದರೂ ಓಸಿಆರ್ ಒಬ್ಬನ ಕನ್ನಡದ ಅಂಕಕ್ಕೆ ಮುಂದಿನವನ ಸಮಾಜದ ಅಂಕ ಜೋಡಿಸಿಬಿಡಬಹುದು. ಪಟ್ಟಿ ದೊಡ್ಡದಾಗಿದ್ದು ಒಂದೇ ಚೌಕಟ್ಟಿಗೆ ಸ್ಪಷ್ಟವಾಗಿ ಬರದಿದ್ದರೆ ಎಡ ಮತ್ತು ಬಲ ಎಂದು ಎರಡು ಫೋಟೋ ತೆಗೆಯಿರಿ. ಒಂದು ಕಾಲಂ, ಉದಾಹರಣೆಗೆ ತೃತೀಯ ಭಾಷೆಯ ಒಟ್ಟು, ಎರಡರಲ್ಲೂ ಇರಲಿ. ಬಲಗಡೆಯ ಫೋಟೋದಲ್ಲಿ ಹೆಸರು ಇರುವುದಿಲ್ಲವಲ್ಲ. ಆ ಸಾಮಾನ್ಯ ಕಾಲಂನ 48 ಸಂಖ್ಯೆಗಳು ಎರಡೂ ಕಡೆ ಸಾಲುಸಾಲಾಗಿ ಒಂದೇ ಆಗಿದ್ದರೆ ಮಾತ್ರ ಸಾಲುಗಳು ಸರಿಯಾಗಿ ಕೂಡಿವೆ ಎಂದರ್ಥ.

ಈಗ ತಲೆಬರಹದ ಕೆಲಸ. ಗೂಗಲ್ ಶೀಟ್ಸ್ ಆಗಲಿ ಎಕ್ಸೆಲ್ ಆಗಲಿ, ಒಂದು ಕಡತದಲ್ಲಿ ಮೂರು ಹಾಳೆ ಮಾಡಿಕೊಳ್ಳಿ: `talebaraha`, `anka`, `tale`. ಮೊದಲನೆಯದರಲ್ಲಿ ಹೆಸರುಗಳು, ಎರಡನೆಯದರಲ್ಲಿ ಅಂಕಗಳು, ಮೂರನೆಯದರಲ್ಲಿ ತಾಳೆ. ಮೂರರಲ್ಲೂ ಕಾಲಂಗಳು ಒಂದೇ ಜಾಗದಲ್ಲಿರಬೇಕು, ಆಮೇಲೆ ಸೂತ್ರ ಬರೆಯಲು ಅದೇ ಅನುಕೂಲ. ನೀವು ಹೇಳಿದ ಪಟ್ಟಿ ಹೀಗೆ ಕೂರುತ್ತದೆ: `A` ಕ್ರಮಸಂಖ್ಯೆ, `B` ನೋಂದಣಿ ಸಂಖ್ಯೆ, `C` ಹೆಸರು. `D`, `E`, `F` ಪ್ರಥಮ ಭಾಷೆ. `G`ಯಿಂದ `I` ದ್ವಿತೀಯ ಭಾಷೆ, `J`ಯಿಂದ `L` ತೃತೀಯ ಭಾಷೆ, `M`ನಿಂದ `O` ಗಣಿತ, `P`ಯಿಂದ `R` ವಿಜ್ಞಾನ, `S`ನಿಂದ `U` ಸಮಾಜ ವಿಜ್ಞಾನ. `V` ಎಲ್ಲದರ ಮೊತ್ತ, `W` ಷರಾ.

`talebaraha` ಹಾಳೆಯ ಮೊದಲ ಸಾಲಿನಲ್ಲಿ ವಿಷಯದ ಹೆಸರನ್ನು ಪ್ರತಿ ಗುಂಪಿನ ಎಡತುದಿಯಲ್ಲಿ, ಅಂದರೆ `D1`, `G1`, `J1`, `M1`, `P1`, `S1`ಗಳಲ್ಲಿ, ಟೈಪ್ ಮಾಡಿ. ಎರಡನೇ ಸಾಲಿನಲ್ಲಿ ಲಿಖಿತ, ಆಂತರಿಕ, ಒಟ್ಟು ಎಂಬುದನ್ನು ಒಮ್ಮೆ ಬರೆದು ಆರು ಸಲ ಅಂಟಿಸಿ. ಮೂರನೇ ಸಾಲಿನಲ್ಲಿ ಗರಿಷ್ಠ ಅಂಕ: ಪ್ರಥಮ ಭಾಷೆಗೆ 100, 25, 125, ಉಳಿದ ಐದಕ್ಕೂ 80, 20, 100, `V3`ಯಲ್ಲಿ 625. ಎಸ್‌ಎಸ್‌ಎಲ್‌ಸಿ ಮಾದರಿಯಲ್ಲಿ ಪ್ರಥಮ ಭಾಷೆಯ ಗುಂಪು ಮಾತ್ರ ಬೇರೆ ಅಳತೆಯದ್ದಾಗಿರುವುದು ನಮಗೆ ಒಳ್ಳೆಯದೇ, ಕಾಲಂ ಜರುಗಿದರೆ ಅಲ್ಲಿ ಬೇಗ ಗೊತ್ತಾಗುತ್ತದೆ.

ಈಗ ಖಾಲಿ ತುಂಬುವುದು. ಎಕ್ಸೆಲ್‌ನಲ್ಲಿ `D1:U1` ಆಯ್ಕೆ ಮಾಡಿ, `Home > Find & Select > Go To Special > Blanks` ಒತ್ತಿ. ಖಾಲಿ ಚೌಕಗಳು ಮಾತ್ರ ಆಯ್ಕೆಯಾಗಿ ಕರ್ಸರ್ `E1`ನಲ್ಲಿ ನಿಲ್ಲುತ್ತದೆ. `=D1` ಎಂದು ಟೈಪ್ ಮಾಡಿ `Ctrl+Enter` ಒತ್ತಿದರೆ ಪ್ರತಿ ಖಾಲಿಯೂ ತನ್ನ ಎಡಗಡೆಯ ಹೆಸರನ್ನು ಪಡೆಯುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಹೆಸರನ್ನು ನಕಲು ಮಾಡಿ ಎರಡೆರಡು ಚೌಕಕ್ಕೆ ಅಂಟಿಸಿದರೂ ಅದೇ ಫಲ.

ಆಯ್ಕೆ `U1`ಗೇ ನಿಲ್ಲಬೇಕು, ಮುಂದೆ ಹೋಗಬಾರದು. ಪಟ್ಟಿಯಲ್ಲಿ ಎರಡು ಬಗೆಯ ಮರ್ಜ್ ಇದೆ. ವಿಷಯದ ಹೆಸರು ಅಡ್ಡಲಾಗಿ ಮರ್ಜ್ ಆಗಿದೆ, ‘ಹೆಸರು’, ‘ಷರಾ’ ಮುಂತಾದವು ಉದ್ದಕ್ಕೆ, ಮೇಲಿನಿಂದ ಕೆಳಗೆ, ಮರ್ಜ್ ಆಗಿವೆ. ಅಡ್ಡ ಮರ್ಜ್‌ನಲ್ಲಿ ಮೇಲಿನ ಸಾಲು ಖಾಲಿ ಬೀಳುತ್ತದೆ, ಆ ಖಾಲಿಯನ್ನು ಎಡಗಡೆಯಿಂದ ತುಂಬಬೇಕು. ಉದ್ದ ಮರ್ಜ್‌ನಲ್ಲಿ ಕೆಳಗಿನ ಸಾಲು ಖಾಲಿ ಬೀಳುತ್ತದೆ, ಆ ಖಾಲಿಯನ್ನು ಖಾಲಿಯಾಗಿಯೇ ಬಿಡಬೇಕು. ಕೊನೆಯ ಎರಡು ಕಾಲಂಗಳ ಹೆಸರು ಓಸಿಆರ್‌ನಲ್ಲಿ ಎರಡನೇ ಸಾಲಿಗೆ ಇಳಿದಿದ್ದು ನೀವು ಮೇಲಿನ ಸಾಲನ್ನು ಕೊನೆಯವರೆಗೂ ಎಳೆದುಬಿಟ್ಟರೆ ‘ಸಮಾಜ ವಿಜ್ಞಾನ_ಷರಾ’ ಎಂಬ ಕಾಲಂ ಹುಟ್ಟುತ್ತದೆ. ಅದಕ್ಕಿಂತ ಕೆಟ್ಟದ್ದು ‘ಸಮಾಜ ವಿಜ್ಞಾನ_ಒಟ್ಟು’ ಎಂಬ ಹೆಸರು ಎರಡು ಕಾಲಂಗೆ ಬರುವುದು, ಒಂದರಲ್ಲಿ 76, ಇನ್ನೊಂದರಲ್ಲಿ 446.

ಆದ್ದರಿಂದ `A1`, `B1`, `C1`, `V1`, `W1`ಗಳಲ್ಲಿ ಮೊದಲ ಸಾಲಿನಲ್ಲೇ ಹೆಸರು ಬರೆಯಿರಿ, ಅವುಗಳ ಎರಡನೇ ಸಾಲು ಖಾಲಿ ಇರಲಿ. `V1`ಗೆ ಬರೀ ‘ಒಟ್ಟು’ ಬೇಡ, ‘ಒಟ್ಟು ಮೊತ್ತ’ ಎಂದಿರಲಿ. ಈಗ ನಾಲ್ಕನೇ ಸಾಲಿನ `A4`ನಲ್ಲಿ ಈ ಸೂತ್ರ ಹಾಕಿ `W4`ವರೆಗೆ ಎಳೆಯಿರಿ:

```
=IF(A2="",A1,A1&"_"&A2)
```

ಎರಡನೇ ಸಾಲು ಖಾಲಿಯಿದ್ದರೆ ಮೇಲಿನ ಹೆಸರು ಮಾತ್ರ ಬರುತ್ತದೆ, ಇದ್ದರೆ ಎರಡೂ ಕೂಡಿ ಬರುತ್ತವೆ. ನಾಲ್ಕನೇ ಸಾಲನ್ನು ನಕಲು ಮಾಡಿ `anka` ಹಾಳೆಯ ಮೊದಲ ಸಾಲಿಗೆ ಮೌಲ್ಯ ಮಾತ್ರ ಬರುವಂತೆ (`Paste Special > Values`) ಅಂಟಿಸಿ. ಸಿಎಸ್‌ವಿಯಲ್ಲಿ ಆ ಸಾಲು ಹೀಗೆ ಶುರುವಾಗುತ್ತದೆ:

```
ಕ್ರಮಸಂಖ್ಯೆ,ನೋಂದಣಿ ಸಂಖ್ಯೆ,ಹೆಸರು,ಪ್ರಥಮ ಭಾಷೆ_ಲಿಖಿತ,ಪ್ರಥಮ ಭಾಷೆ_ಆಂತರಿಕ,ಪ್ರಥಮ ಭಾಷೆ_ಒಟ್ಟು,ದ್ವಿತೀಯ ಭಾಷೆ_ಲಿಖಿತ
```

ಹೆಸರಿನ ಒಳಗೆ ಬೇಕಾದ ಕಡೆ ಖಾಲಿ ಜಾಗ ಬಿಡಿ, ಆದರೆ ಅಡಿಗೆರೆಯನ್ನು ಮೇಲಿನ ಹಂತ ಮತ್ತು ಕೆಳಗಿನ ಹಂತದ ನಡುವೆ ಮಾತ್ರ ಬಳಸಿ. ಹಾಗೆ ಮಾಡಿದರೆ ಮುಂದೆ ಯಾರಾದರೂ ವಿಷಯ ಬೇರೆ, ಅಂಕದ ಬಗೆ ಬೇರೆ ಎಂದು ಬಿಡಿಸಬೇಕಾದಾಗ ಅಡಿಗೆರೆಯಲ್ಲಿ ಕತ್ತರಿಸಿದರೆ ಸಾಕು, ಮರ್ಜ್‌ನಲ್ಲಿದ್ದ ಅರ್ಥ ಪೂರ್ತಿ ವಾಪಸ್ ಸಿಗುತ್ತದೆ. ‘ಸಮಾಜ_ವಿಜ್ಞಾನ_ಲಿಖಿತ’ ಎಂದು ಬರೆದರೆ ಎಲ್ಲಿ ಕತ್ತರಿಸಬೇಕೆಂದು ತಿಳಿಯುವುದಿಲ್ಲ. ಕನ್ನಡದ ಪದಗಳನ್ನು ಪ್ರತಿ ಸಲ ಹೊಸದಾಗಿ ಟೈಪ್ ಮಾಡದೆ ನಕಲು ಮಾಡಿ ಅಂಟಿಸಿ ಎಂದದ್ದಕ್ಕೂ ಕಾರಣವಿದೆ. ಒಂದು ಕಡೆ ‘ಇಂಗ್ಲಿಷ್’, ಇನ್ನೊಂದು ಕಡೆ ‘ಇಂಗ್ಲೀಷ್’ ಆದರೆ ಕಂಪ್ಯೂಟರಿಗೆ ಅವು ಎರಡು ವಿಷಯ. ಅರ್ಧಾಕ್ಷರ ಒಡೆಯಲು ಕೀಬೋರ್ಡ್ ಸೇರಿಸುವ ಕಣ್ಣಿಗೆ ಕಾಣದ ಅಕ್ಷರ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ಅಷ್ಟೇ.

ಇಲ್ಲಿ ನಮ್ಮ ಶಾಲೆಗಳಿಗೇ ಸಂಬಂಧಿಸಿದ ಒಂದು ಮಾತು. ಕಾಲಂಗೆ ‘ಕನ್ನಡ_ಲಿಖಿತ’ ಎಂದು ಇಡಲೇ, ‘ಪ್ರಥಮ ಭಾಷೆ_ಲಿಖಿತ’ ಎಂದು ಇಡಲೇ? ಇಡೀ ತರಗತಿಗೆ ಪ್ರಥಮ ಭಾಷೆ ಕನ್ನಡವೇ ಆಗಿದ್ದರೆ ಯಾವುದಾದರೂ ಸರಿ. ಆದರೆ ಒಂದೇ ತರಗತಿಯಲ್ಲಿ ಕೆಲವರಿಗೆ ಪ್ರಥಮ ಭಾಷೆ ಕನ್ನಡ, ಕೆಲವರಿಗೆ ಇಂಗ್ಲಿಷ್, ಉರ್ದು ಅಥವಾ ಸಂಸ್ಕೃತ ಇರಬಹುದು. ತೃತೀಯ ಭಾಷೆಯಲ್ಲೂ ಹಾಗೆಯೇ. ಆಗ ‘ಕನ್ನಡ_ಲಿಖಿತ’ ಎಂದರೆ 100ಕ್ಕೋ 80ಕ್ಕೋ ಎಂಬುದೇ ಮಗುವಿನಿಂದ ಮಗುವಿಗೆ ಬದಲಾಗುತ್ತದೆ. ಗರಿಷ್ಠ ಅಂಕ ಕಟ್ಟುಬಿದ್ದಿರುವುದು ಭಾಷೆಗಲ್ಲ, ಪ್ರಥಮ, ದ್ವಿತೀಯ, ತೃತೀಯ ಎಂಬ ಸ್ಥಾನಕ್ಕೆ. ಹಾಗಾಗಿ ಕಾಲಂಗೆ ಸ್ಥಾನದ ಹೆಸರಿಡಿ. ಯಾವ ಭಾಷೆ ಎಂಬುದು ಬೇಕಾದರೆ ‘ಪ್ರಥಮ ಭಾಷೆ_ಯಾವುದು’ ಎಂದು ಇನ್ನೊಂದು ಕಾಲಂ ಮಾಡಿ, ಆದರೆ ಅದನ್ನು `W` ಆದಮೇಲೆ ಕೊನೆಯಲ್ಲಿ ಸೇರಿಸಿ, ನಡುವೆ ತೂರಿಸಿದರೆ ಸೂತ್ರಗಳ ಜಾಗ ತಪ್ಪುತ್ತದೆ.

ಗರಿಷ್ಠ ಅಂಕದ ಸಾಲನ್ನು `anka` ಹಾಳೆಗೆ ತರಬೇಡಿ. ಅದು ಬಂದರೆ 49ನೇ ವಿದ್ಯಾರ್ಥಿಯಾಗಿ ಕೂರುತ್ತದೆ. 48 ಮಕ್ಕಳ ಲಿಖಿತದ ಸರಾಸರಿ 62 ಇದ್ದರೆ, 100 ಎಂಬ ಆ ಒಂದು ಸಾಲು ಸೇರಿ 62.78 ಆಗುತ್ತದೆ. ಕಣ್ಣಿಗೆ ಬೀಳದಷ್ಟು ಸಣ್ಣ ತಪ್ಪು, ಆದರೂ ತಪ್ಪು. ಪಟ್ಟಿಯ ಕೊನೆಯಲ್ಲಿರುವ ತರಗತಿ ಸರಾಸರಿ, ಸಹಿಯ ಸಾಲು, ಎರಡನೇ ಪುಟದಲ್ಲಿ ಮತ್ತೆ ಬರುವ ತಲೆಬರಹ, ಇವೆಲ್ಲವನ್ನೂ ಹೀಗೆಯೇ ಹೊರಗಿಡಿ.

ಅಂಕಿಗಳ ಭಾಗಕ್ಕೆ ಬರೋಣ. ಫೋಟೋವನ್ನು ಕತ್ತರಿಸಿ `D`ಯಿಂದ `V`ವರೆಗಿನ ಸಂಖ್ಯೆಗಳ ಚೌಕ ಮಾತ್ರ ಉಳಿಸಿ. ಮೈಕ್ರೋಸಾಫ್ಟ್ 365ರ ಎಕ್ಸೆಲ್‌ನಲ್ಲಿ `Data > From Picture` ಎಂಬ ಸೌಲಭ್ಯವಿದೆ. ಅನುಮಾನ ಬಂದ ಚೌಕಗಳನ್ನು ಅದು ಬಣ್ಣದಲ್ಲಿ ತೋರಿಸಿ ತಿದ್ದಲು ಬಿಡುತ್ತದೆ. ಕನ್ನಡದ ಹೆಸರುಗಳನ್ನು ಅದಕ್ಕೆ ಕೊಡಬೇಡಿ, ಬಂದದ್ದನ್ನು ತಿದ್ದುವುದಕ್ಕಿಂತ ಟೈಪ್ ಮಾಡುವುದೇ ಬೇಗ. ನಿಜ ಹೇಳಬೇಕೆಂದರೆ ಟೈಪ್ ಮಾಡುವ ಅಗತ್ಯವೂ ಇರಲಾರದು. ಮಕ್ಕಳ ಹೆಸರು ಮತ್ತು ನೋಂದಣಿ ಸಂಖ್ಯೆಯ ಪಟ್ಟಿ ಶಾಲೆಯ ಕಂಪ್ಯೂಟರಿನಲ್ಲಿ ಆಗಲೇ ಇರುತ್ತದೆ. ಅದನ್ನೇ ತಂದು `A`, `B`, `C`ಯಲ್ಲಿ ಇಡಿ. ಒತ್ತಕ್ಷರದ ತಪ್ಪುಗಳಿಂದಲೂ ಪಾರಾಗುತ್ತೀರಿ, ಹೆಸರಿನ ಕಾಗುಣಿತ ಶಾಲೆಯ ದಾಖಲೆಗೆ ಹೊಂದುವಂತೆಯೂ ಇರುತ್ತದೆ. ಎರಡೂ ಪಟ್ಟಿಯ ಕ್ರಮ ಒಂದೇ ಆಗಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು, ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಅಂಕಗಳು ಕೈಬರಹದಲ್ಲಿದ್ದರೆ ಓಸಿಆರ್ ಬಿಟ್ಟುಬಿಡಿ. ಒಬ್ಬರು ಗಟ್ಟಿಯಾಗಿ ಓದಿ ಒಬ್ಬರು ಟೈಪ್ ಮಾಡುವುದೇ ನಂಬಿಕೆಯ ದಾರಿ. ಆಗಲೂ ಒಟ್ಟುಗಳನ್ನು ಸೂತ್ರದಿಂದ ತರಬೇಡಿ, ಕಾಗದದಲ್ಲಿ ಇರುವುದನ್ನೇ ಟೈಪ್ ಮಾಡಿ. ಓದಿದ್ದು ಸರಿಯೇ ಎಂದು ಹೇಳುವ ಸಾಕ್ಷಿ ಆ ಒಟ್ಟುಗಳೇ. ಸೂತ್ರದಿಂದ ಲೆಕ್ಕ ಹಾಕಿಬಿಟ್ಟರೆ ತಪ್ಪು ಅಂಕಕ್ಕೆ ತಪ್ಪು ಒಟ್ಟು ಹೊಂದಿಕೊಂಡುಬಿಡುತ್ತದೆ.

ಗೈರುಹಾಜರಿಯನ್ನು ಪಟ್ಟಿಯಲ್ಲಿ ಇರುವಂತೆ `AB` ಎಂದೇ ಇಡಿ, 0 ಮಾಡಬೇಡಿ. `AVERAGE` ಪಠ್ಯವನ್ನು ಬಿಟ್ಟು ಲೆಕ್ಕ ಹಾಕುತ್ತದೆ, 0ಯನ್ನು ಸೇರಿಸಿಕೊಂಡು ಹಾಕುತ್ತದೆ. ಬರೆಯದ ಮಗುವೂ ಬರೆದು ಸೊನ್ನೆ ಪಡೆದ ಮಗುವೂ ಒಂದೇ ಅಲ್ಲ. ಫೋಟೋದಲ್ಲಿ ಓದಲಾಗದ ಅಂಕಿ ಇದ್ದರೆ ಅದಕ್ಕೆ ಮೂರನೆಯ ಗುರುತು ಬೇಕು, `?` ಎಂದು ಹಾಕಿ. ಖಾಲಿ ಬಿಟ್ಟರೆ ಕಾಗದದಲ್ಲೇ ಖಾಲಿ ಇತ್ತೋ ನಿಮಗೆ ಓದಲಾಗಲಿಲ್ಲವೋ ಆಮೇಲೆ ಯಾರಿಗೂ ತಿಳಿಯದು. ಪಟ್ಟಿಯಲ್ಲಿ ಕನ್ನಡ ಅಂಕಿಗಳಿದ್ದರೆ ಅವನ್ನು 0–9ಕ್ಕೆ ಬದಲಿಸಲೇಬೇಕು, ‘೭೮’ ಎಕ್ಸೆಲ್‌ಗೆ ಸಂಖ್ಯೆಯಲ್ಲ, ಪದ.

ಓಸಿಆರ್ ಮಾಡುವ ಇನ್ನೊಂದು ತಪ್ಪು ಖಾಲಿ ಚೌಕವನ್ನು ನುಂಗಿಬಿಡುವುದು. ಒಬ್ಬ ವಿದ್ಯಾರ್ಥಿಯ ಹಿಂದಿ ಆಂತರಿಕ ಖಾಲಿ ಇದ್ದರೆ ಆ ಸಾಲಿನಲ್ಲಿ ಅಲ್ಲಿಂದ ಮುಂದಿನದ್ದೆಲ್ಲ ಒಂದೊಂದು ಮನೆ ಎಡಕ್ಕೆ ಸರಿಯುತ್ತದೆ. ಸರಿದ ಸಾಲಿನಲ್ಲಿ `V` ಖಾಲಿಯಾಗಿ `U`ನಲ್ಲಿ 400ರಂಥ ಸಂಖ್ಯೆ ಇರುತ್ತದೆ. ಆದ್ದರಿಂದ ಅಂಟಿಸಿದ ಕೂಡಲೇ `V` ಕಾಲಂ ಮೇಲಿಂದ ಕೆಳಗೆ ಒಮ್ಮೆ ನೋಡಿ. ಷರಾ ಕಾಲಂ ನೋಡಿ ಪ್ರಯೋಜನವಿಲ್ಲ, ಅದು ಹೇಗೂ ಬಹುಪಾಲು ಖಾಲಿ.

ಈಗ ತಾಳೆ. `tale` ಹಾಳೆಯ `F2`ನಲ್ಲಿ ಇದನ್ನು ಹಾಕಿ:

```
=IF(COUNT(anka!D2:F2)=3, anka!F2-anka!D2-anka!E2, "ನೋಡಿ")
```

ಇದನ್ನು ಅದೇ ಸಾಲಿನ `I2`, `L2`, `O2`, `R2`, `U2`ಗಳಿಗೆ ನಕಲಿಸಿ. ಜಾಗ ಒಂದೇ ಆಗಿರುವುದರಿಂದ ಸೂತ್ರ ತಾನಾಗಿ ಸರಿಯಾದ ವಿಷಯಕ್ಕೆ ಹೊಂದಿಕೊಳ್ಳುತ್ತದೆ. `V2`ನಲ್ಲಿ:

```
=IF(COUNT(anka!V2)=1, anka!V2-SUM(anka!F2,anka!I2,anka!L2,anka!O2,anka!R2,anka!U2), "ನೋಡಿ")
```

ಎರಡನ್ನೂ 49ನೇ ಸಾಲಿನವರೆಗೆ ಎಳೆಯಿರಿ. ಎಲ್ಲ ಕಡೆ 0 ಬರಬೇಕು. `AB` ಅಥವಾ `?` ಇದ್ದ ಕಡೆ ‘ನೋಡಿ’ ಬರುತ್ತದೆ, ಅವನ್ನು ಫೋಟೋ ಇಟ್ಟುಕೊಂಡು ಒಂದೊಂದಾಗಿ ನೋಡಿ, ಯಾಕೆಂದರೆ ಗೈರಾದವರ ಒಟ್ಟಿನಲ್ಲಿ ಕೆಲವರು ಆಂತರಿಕವನ್ನು ಮಾತ್ರ ಬರೆದಿರುತ್ತಾರೆ, ಕೆಲವರು `AB` ಎಂದೇ ಬರೆದಿರುತ್ತಾರೆ.

ಸೊನ್ನೆ ಬರದ ಕಡೆ ಆ ವ್ಯತ್ಯಾಸವೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ. ಒಂದು ಸಾಲು ತೆಗೆದುಕೊಳ್ಳೋಣ: ಕನ್ನಡ 78, 22, 100. ಇಂಗ್ಲಿಷ್ 51, 17, 68. ಹಿಂದಿ 60, 18, 78. ಗಣಿತ 43, 16, 59. ವಿಜ್ಞಾನ 48, 17, 65. ಸಮಾಜ 57, 19, 76. ಮೊತ್ತ 446. ಓಸಿಆರ್ ಇಂಗ್ಲಿಷಿನ 51ನ್ನು 57 ಎಂದು ಓದಿದರೆ `I2`ನಲ್ಲಿ −6 ಬರುತ್ತದೆ, `V2` ಮಾತ್ರ 0 ಇರುತ್ತದೆ. ಅಂದರೆ ಒಟ್ಟು ಸರಿಯಿದೆ, ಬಿಡಿ ಅಂಕ ತಪ್ಪಿದೆ. ಬಿಡಿಸ್ಥಾನದಲ್ಲಿ 6ರ ವ್ಯತ್ಯಾಸ, ಹತ್ತರ ಸ್ಥಾನದಲ್ಲಿ 60ರ ವ್ಯತ್ಯಾಸ ಬಂದರೆ 1 ಮತ್ತು 7 ಅದಲುಬದಲಾಗಿರುವ ಸಂಭವ ಹೆಚ್ಚು, ಇಲ್ಲವೇ 0 ಮತ್ತು 6. ವ್ಯತ್ಯಾಸ 5 ಅಥವಾ 50 ಆದರೆ 3 ಮತ್ತು 8 ನೋಡಿ. ಕೈಯಲ್ಲಿ ಟೈಪ್ ಮಾಡಿದವರು ಗಣಿತದ 43ನ್ನು 34 ಮಾಡಿದ್ದರೆ `O2`ನಲ್ಲಿ 9 ಬರುತ್ತದೆ. ಎರಡಂಕಿ ಹಿಂದುಮುಂದಾದರೆ ವ್ಯತ್ಯಾಸ ಯಾವಾಗಲೂ 9ರ ಗುಣಕವೇ. ಇನ್ನು ಇಂಗ್ಲಿಷಿನ ಒಟ್ಟು 68ನ್ನು 88 ಎಂದು ಓದಿದ್ದರೆ `I2`ನಲ್ಲಿ 20, `V2`ನಲ್ಲಿ −20 ಬರುತ್ತದೆ. ಎರಡೂ ಕಡೆ ಅದೇ ಸಂಖ್ಯೆ, ಚಿಹ್ನೆ ಮಾತ್ರ ತಿರುವುಮುರುವಾದರೆ ತಪ್ಪಿರುವುದು ವಿಷಯದ ಒಟ್ಟಿನಲ್ಲೇ.

ಕೆಲವೊಮ್ಮೆ ಫೋಟೋ ಸ್ಪಷ್ಟವಾಗಿದ್ದು, ನೀವು ಓದಿದ್ದೂ ಸರಿಯಾಗಿದ್ದು, ವ್ಯತ್ಯಾಸ ಆದರೂ ಉಳಿಯುತ್ತದೆ. ಆಗ ತಪ್ಪು ಮೂಲ ಪಟ್ಟಿಯಲ್ಲೇ ಇದೆ. ಅದನ್ನು ನೀವು ತಿದ್ದಬೇಡಿ. ಇದ್ದಂತೆಯೇ ಇಟ್ಟು ಷರಾದಲ್ಲಿ ‘ಮೂಲದಲ್ಲಿ ಒಟ್ಟು ಕೂಡುವುದಿಲ್ಲ’ ಎಂದು ಬರೆದು ಪಟ್ಟಿ ಮಾಡಿದವರಿಗೆ ತಿಳಿಸಿ.

ಗರಿಷ್ಠ ಅಂಕವನ್ನು ಬೇರೆ ಹಾಳೆಯಲ್ಲಿ ಉಳಿಸಿಕೊಂಡದ್ದು ಈಗ ಉಪಯೋಗಕ್ಕೆ ಬರುತ್ತದೆ. `tale` ಹಾಳೆಯ `D51`ರಲ್ಲಿ ಇದನ್ನು ಹಾಕಿ `V51`ವರೆಗೆ ಎಳೆಯಿರಿ:

```
=COUNTIF(anka!D2:D49,">"&talebaraha!D3)
```

ಆಯಾ ಕಾಲಂನಲ್ಲಿ ಗರಿಷ್ಠಕ್ಕಿಂತ ಹೆಚ್ಚು ಇರುವ ಅಂಕಗಳು ಎಷ್ಟು ಎಂದು ಇದು ಎಣಿಸುತ್ತದೆ. ಎಲ್ಲ 0 ಇರಬೇಕು. ಒಂದೆರಡು ಬಂದರೆ ಓದಿನ ತಪ್ಪು. ಒಂದು ಕಾಲಂನಲ್ಲಿ ಹೆಚ್ಚುಕಮ್ಮಿ ಎಲ್ಲ 48 ಬಂದರೆ ತಲೆಬರಹವೇ ಜರುಗಿದೆ: ‘ಆಂತರಿಕ’ ಎಂದು ಹೆಸರಿರುವ ಕಡೆ ಲಿಖಿತದ ಅಂಕಗಳು ಕೂತಿವೆ.

ಈ ಎಲ್ಲ ಲೆಕ್ಕ ಸೊನ್ನೆ ಬಂದರೂ ಉಳಿದುಬಿಡುವ ತಪ್ಪು ಎರಡಿವೆ, ಎರಡೂ ದೊಡ್ಡವೇ. ಮೊದಲನೆಯದು, ಅಳತೆ ಒಂದೇ ಆಗಿರುವ ಎರಡು ಗುಂಪುಗಳ ಹೆಸರು ಅದಲುಬದಲಾಗುವುದು. ವಿಜ್ಞಾನ ಮತ್ತು ಸಮಾಜ ಎರಡೂ 80, 20, 100. ಹೆಸರು ಬದಲಾದರೂ ಕೂಡಿಕೆ ತಪ್ಪುವುದಿಲ್ಲ, ಗರಿಷ್ಠವೂ ಮೀರುವುದಿಲ್ಲ. ಎರಡನೆಯದು, ಹೆಸರುಗಳೇ ಒಂದು ಸಾಲು ಜರುಗುವುದು. ಹೆಸರಿನ ಪಟ್ಟಿಯಲ್ಲಿ ಶಾಲೆ ಬಿಟ್ಟ ಒಬ್ಬ ವಿದ್ಯಾರ್ಥಿ ಉಳಿದಿದ್ದರೆ, ಅಥವಾ ಉದ್ದದ ಹೆಸರೊಂದು ಎರಡು ಸಾಲಿಗೆ ಮುರಿದು ಎರಡು ಚೌಕವಾಗಿದ್ದರೆ, ಅಲ್ಲಿಂದ ಕೆಳಗೆ ಪ್ರತಿ ಮಗುವಿಗೂ ಪಕ್ಕದ ಮಗುವಿನ ಅಂಕ ಬೀಳುತ್ತದೆ. ಸಾಲಿನೊಳಗಿನ ಲೆಕ್ಕ ಅಚ್ಚುಕಟ್ಟಾಗಿರುವುದರಿಂದ ಯಾವ ಸೂತ್ರವೂ ಇದನ್ನು ಹಿಡಿಯದು. ಇದಕ್ಕೆ ಕಣ್ಣೇ ಗತಿ: ಮೊದಲ, 24ನೇ ಮತ್ತು ಕೊನೆಯ ಸಾಲನ್ನು ತೆಗೆದುಕೊಂಡು, ಫೋಟೋದ ಮೇಲೆ ಬೆರಳಿಟ್ಟು, ಹೆಸರಿನಿಂದ ಮೊತ್ತದವರೆಗೆ ವಿಷಯದ ಹೆಸರು ಹೇಳಿಕೊಳ್ಳುತ್ತಾ ಓದಿ. ಕೊನೆಯ ಸಾಲು ಸರಿಯಿದ್ದರೆ ನಡುವೆ ಜರುಗಿರುವ ಸಂಭವ ಬಹಳ ಕಡಿಮೆ.

ಇನ್ನು ಉಳಿಸುವುದು. ಸಿಎಸ್‌ವಿ ಆಗಿ ಹೊರಬರುವುದು ತೆರೆದಿರುವ ಒಂದು ಹಾಳೆ ಮಾತ್ರ, ಹಾಗಾಗಿ `anka` ಹಾಳೆಯಲ್ಲಿ ನಿಂತು ಉಳಿಸಿ. ಎಕ್ಸೆಲ್‌ನಲ್ಲಿ ಬಗೆಗಳ ಪಟ್ಟಿಯಿಂದ `CSV UTF-8 (Comma delimited)` ಆರಿಸಿ. ಬರೀ `CSV (Comma delimited)` ಆರಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಕಡತ ಮುಚ್ಚಿದ ಮೇಲೆ ಅವು ವಾಪಸ್ ಬರುವುದಿಲ್ಲ. ಗೂಗಲ್ ಶೀಟ್ಸ್‌ನಿಂದ ಇಳಿಸಿಕೊಂಡ ಕಡತ ಸರಿಯಾಗಿಯೇ ಇರುತ್ತದೆ, ಆದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ‘ಹೆಸರು’ ಇದ್ದ ಕಡೆ `à²¹` ಎಂಬಂಥ ಚಿಹ್ನೆಗಳು ಕಾಣಬಹುದು. ಕಡತ ಹಾಳಾಗಿಲ್ಲ, ತೆರೆದ ರೀತಿ ತಪ್ಪು ಅಷ್ಟೇ. `Data > From Text/CSV` ಮೂಲಕ ತೆರೆದು `File Origin`ನಲ್ಲಿ `65001: Unicode (UTF-8)` ಆರಿಸಿ.

ನೋಂದಣಿ ಸಂಖ್ಯೆಯ `B` ಕಾಲಂ ಅನ್ನು ಅಂಕಿ ತುಂಬುವ ಮೊದಲೇ `Text` ಮಾಡಿಟ್ಟಿರಬೇಕು. ಹಾಗೆ ಮಾಡದಿದ್ದರೆ ಆರಂಭದ ಸೊನ್ನೆ ಬಿದ್ದುಹೋಗುತ್ತದೆ, ಹನ್ನೆರಡು ಅಥವಾ ಹೆಚ್ಚು ಅಂಕಿಯ ಸಂಖ್ಯೆ `2.02401E+11` ರೂಪಕ್ಕೆ ತಿರುಗುತ್ತದೆ. ಪರದೆಯ ಮೇಲೆ ಹಾಗೆ ಕಾಣುತ್ತಿರುವಾಗ ಸಿಎಸ್‌ವಿ ಮಾಡಿದರೆ ಕಡತಕ್ಕೆ ಹೋಗುವುದೂ ಅದೇ, ಎಲ್ಲ 48 ಮಕ್ಕಳಿಗೂ ಒಂದೇ ಸಂಖ್ಯೆ ಬಂದರೂ ಬಂತು. ಸಿಎಸ್‌ವಿಯನ್ನು ಮತ್ತೆ ತೆರೆಯುವಾಗಲೂ ಆ ಕಾಲಂ `Text` ಎಂದು ಹೇಳಬೇಕು, ಯಾಕೆಂದರೆ ‘ಇದು ಪಠ್ಯ’ ಎಂಬ ಗುರುತು, ಮರ್ಜ್‌ನ ಹಾಗೆಯೇ, ಸಿಎಸ್‌ವಿಯೊಳಗೆ ಉಳಿಯುವುದಿಲ್ಲ. ಇದೇ ಕಾರಣಕ್ಕೆ ಮೂರು ಹಾಳೆಯ ಮೂಲ ಕಡತವನ್ನು `.xlsx` ಆಗಿಯೂ ಇಟ್ಟುಕೊಳ್ಳಿ, ಅದರ ಪಕ್ಕದಲ್ಲೇ ಫೋಟೋವನ್ನೂ ಇಡಿ. ಮುಂದಿನ ಪರೀಕ್ಷೆಯ ಪಟ್ಟಿ ಇದೇ ನಮೂನೆಯಲ್ಲಿ ಬಂದರೆ `talebaraha` ಮತ್ತು `tale` ಹಾಳೆಗಳನ್ನು ಮುಟ್ಟಬೇಕಾಗಿಲ್ಲ, `anka`ದಲ್ಲಿ ಅಂಕಗಳನ್ನು ಮಾತ್ರ ಬದಲಿಸಿದರೆ ಆಯಿತು.